ಗಂಜಿ ಮಾವ ಓದದ ಕಾಗದ

ನಮ್ಮ ಆಸ್ಪತ್ರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಗಂಜಿ ಮಾವ ಎಂದರೆ ಗೇಟಿನ ಕಾವಲುಗಾರನಿಂದ ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಗೊತ್ತು. ಶುರುವಿನ ವರ್ಷಗಳಲ್ಲಿ ಅವರು ಡಾಕ್ಟರುಗಳ ಕೋಟಿಗೆ ಎಷ್ಟು ಗಂಜಿ ಹಾಕುತ್ತಿದ್ದರೆಂದರೆ, ನೆಲದ ಮೇಲಿಟ್ಟರೆ ಕೋಟು ತಾನೇ ನಿಂತುಕೊಳ್ಳುತ್ತದೆ, ಒಳಗೆ ಡಾಕ್ಟರೇ ಬೇಕಾಗಿಲ್ಲ ಎಂದು ನರ್ಸುಗಳು ಆಡಿಕೊಳ್ಳುತ್ತಿದ್ದರು. ಆಮೇಲೆ ಗಂಜಿ ಕಡಿಮೆಯಾಯಿತು, ಹೆಸರು ಮಾತ್ರ ಉಳಿಯಿತು. ನೂರಿಪ್ಪತ್ತು ಹಾಸಿಗೆಯ ಆಸ್ಪತ್ರೆಯ ಹೊದಿಕೆ, ಹಾಸು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ರೋಗಿಗಳ ಅಂಗಿ, ಎಲ್ಲವನ್ನೂ ಇಪ್ಪತ್ತೆರಡು ವರ್ಷ ಒಗೆದುಕೊಟ್ಟವರು ಅವರು. ಆ ಬಟ್ಟೆಯನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಂಡವಳು ನಾನು. ನನ್ನ ಹೆಸರೂ ಅಷ್ಟೇ, ಸ್ಟೋರಮ್ಮ. ಮನೆಯಲ್ಲಿ ಗಂಡ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಾರೆ.

ಗಂಜಿ ಮಾವನ ಕೆಲಸ ಶುರುವಾದದ್ದು ನಮ್ಮ ಗೇಟಿನ ಎದುರು, ಒಂದು ತಳ್ಳುಗಾಡಿ ಮತ್ತು ಒಂದು ಇದ್ದಿಲು ಇಸ್ತ್ರಿ ಪೆಟ್ಟಿಗೆಯಿಂದ. ಆಮೇಲೆ ಎರಡು ಒಗೆಯುವ ಯಂತ್ರ ಬಂದವು, ಮಾರುಕಟ್ಟೆಯ ಹಿಂದೆ ತಗಡಿನ ಶೆಡ್ಡು ಬಂತು, ಹಳೆಯ ವ್ಯಾನು ಬಂತು. ಹೆಂಡತಿ, ನಾದಿನಿ, ಇನ್ನೈದು ಹೆಂಗಸರಿಗೆ ಶೆಡ್ಡಿನಲ್ಲಿ ಕೆಲಸ. ವ್ಯಾನು ಓಡಿಸುವವಳು ಮಗಳು. ಯಾವ ವಾರ್ಡಿನ ಹಾಸು ಯಾವುದು ಎಂದು ತಿಳಿಯಲು ಮೂಲೆಯಲ್ಲಿ ಬಣ್ಣದ ದಾರದ ಹೊಲಿಗೆ ಹಾಕುವ ಉಪಾಯ ಹೆಂಡತಿಯದು. ಹೆರಿಗೆ ವಾರ್ಡಿಗೆ ಹಳದಿ, ಮೂಳೆ ವಾರ್ಡಿಗೆ ಕಂದು, ಹೀಗೆ. ಇಷ್ಟು ವರ್ಷದಲ್ಲಿ ಒಂದು ವಾರ್ಡಿನ ಬಟ್ಟೆ ಇನ್ನೊಂದಕ್ಕೆ ಹೋದದ್ದನ್ನು ನಾನು ಕಂಡಿಲ್ಲ.

ಇಷ್ಟು ಅಚ್ಚುಕಟ್ಟಿನ ಮನುಷ್ಯನಿಗೆ ಕಾಗದ ಪತ್ರ ಎಂದರೆ ಮಾತ್ರ ಆಗದು. ಓದಲು ಬರುವುದಿಲ್ಲ ಎಂದಲ್ಲ. ದಿನಪತ್ರಿಕೆಯನ್ನು ಕೊನೆಯ ಪುಟದ ಕೊನೆಯ ಸಾಲಿನವರೆಗೂ ಬಿಡುವುದಿಲ್ಲ. ಆದರೆ ಆಫೀಸಿನ ಲಕೋಟೆ ಕಂಡರೆ ಅದನ್ನು ಒಡೆಯದೆ, ಅಂಗಿಯ ಜೇಬಿನಲ್ಲಿ ಮಡಚಿಟ್ಟುಕೊಂಡು, ಮರುದಿನ ನನ್ನ ಮೇಜಿನ ಮೇಲೆ ಇಡುತ್ತಿದ್ದರು.

“ನೀವು ಬರೆದಿದ್ದು ತಾನೆ ಅಮ್ಮ. ನೀವೇ ಓದಿ, ನೀವೇ ಉತ್ತರ ಬರೀರಿ. ನಾನು ಸಹಿ ಹಾಕ್ತೀನಿ.”

ನಿಜವೇ. ಆಸ್ಪತ್ರೆಯ ಪರವಾಗಿ ಗುತ್ತಿಗೆದಾರರಿಗೆ ಹೋಗುವ ಕಾಗದಗಳನ್ನು ಟೈಪು ಮಾಡುವವಳು ನಾನು. ಅದಕ್ಕೆ ಅವರ ಲೆಟರ್‌ಹೆಡ್ಡಿನಲ್ಲಿ ಉತ್ತರ ಬರೆಯುವವಳೂ ನಾನೇ ಆಗಿಬಿಟ್ಟೆ. ಅವರ ಲೆಟರ್‌ಹೆಡ್ಡಿನ ಒಂದು ಕಟ್ಟು ನನ್ನ ಕಪಾಟಿನಲ್ಲೇ ಇರುತ್ತಿತ್ತು. ಹೀಗೆ ಮಾಡಬಾರದು ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ವರ್ಷಕ್ಕೊಂದು ನವೀಕರಣ, ಅದಕ್ಕೊಂದು ಒಪ್ಪಿಗೆ. ನಾಲ್ಕು ಸಾಲಿನ ಕೆಲಸಕ್ಕೆ ಆ ಮನುಷ್ಯನನ್ನು ಯಾಕೆ ಅಲೆದಾಡಿಸಬೇಕು ಎಂದು ನಾನೇ ದೊಡ್ಡ ಮನಸ್ಸು ಮಾಡಿದೆ. ಆ ದೊಡ್ಡ ಮನಸ್ಸಿಗೆ ಬೆಂಕಿ ಬೀಳಲಿ.

ಈ ವರ್ಷ ಗುತ್ತಿಗೆ ನವೀಕರಣದ ಸಭೆ ಕರೆದರು. ಆಡಳಿತಾಧಿಕಾರಿ, ಮೇಟ್ರನ್, ಸೋಂಕು ತಡೆ ನೋಡಿಕೊಳ್ಳುವ ಡಾಕ್ಟರಮ್ಮ, ಜೊತೆಗೆ ಕಡತ ಹಿಡಿದುಕೊಂಡು ನಾನು. ಆಡಳಿತಾಧಿಕಾರಿ ಬಂದು ಎರಡು ವರ್ಷವಾಗಿತ್ತು. ನನ್ನ ತಮ್ಮನ ವಯಸ್ಸಿನವರು, ಕೆಟ್ಟವರಲ್ಲ. ಡಾಕ್ಟರಮ್ಮ ಹಿಂದಿನ ತಿಂಗಳು ಶೆಡ್ಡಿಗೆ ಹೋಗಿ ಪರಿಶೀಲಿಸಿ ಬಂದಿದ್ದರು. ಅವರು ವರದಿ ಓದಿದರು.

“ಒಗೆತ ಏನೋ ಚೊಕ್ಕಟವಾಗಿದೆ. ಆದ್ರೆ ಕೊಳೆ ಬಟ್ಟೆ ಬರೋದೂ ಅದೇ ಬಾಗಿಲು, ಒಗೆದಿದ್ದು ಹೋಗೋದೂ ಅದೇ ಬಾಗಿಲು. ನಡುವೆ ಗೋಡೆ ಇಲ್ಲ. ನೀರಿನ ಬಿಸಿ ಎಪ್ಪತ್ತೊಂದು ಡಿಗ್ರಿಗೆ ಮುಟ್ಟಿ ಇಪ್ಪತ್ತೈದು ನಿಮಿಷ ಇರ್ಬೇಕು. ಇತ್ತೋ ಇಲ್ವೋ ಅನ್ನೋಕೆ ಯಂತ್ರದಲ್ಲಿ ಮಾಪಕವೂ ಇಲ್ಲ, ದಾಖಲೆಯೂ ಇಲ್ಲ. ಮಾನ್ಯತೆ ಕೊಡೋ ತಂಡ ಬಂದ್ರೆ ಮೊದಲು ಕೇಳೋದೇ ಇದನ್ನ.”

ಮೇಟ್ರನ್ ಬಾಯಿ ತೆರೆದರು. “ಇಪ್ಪತ್ತೆರಡು ವರ್ಷದವರು ಸಾರ್. ಸ್ವಲ್ಪ ಸಮಯ ಕೊಟ್ರೆ ಮಾಡ್ಕೋತಾರೇನೋ.”

“ಕೊಟ್ಟಿದ್ದೀವಲ್ಲ,” ಎಂದರು ಆಡಳಿತಾಧಿಕಾರಿ. “ಹೋದ ವರ್ಷವೇ ಪತ್ರ ಕಳಿಸಿದ್ದೀವಿ. ಗೋಡೆ, ಮಾಪಕ, ದಾಖಲೆ, ಎಲ್ಲ ಸ್ಪಷ್ಟವಾಗಿ ಬರೆದು ಹನ್ನೆರಡು ತಿಂಗಳು ಕೊಟ್ಟಿದ್ದೀವಿ. ಅವರು ಒಪ್ಪಿ ಉತ್ತರ ಬರೆದಿದ್ದಾರೆ. ಇಲ್ಲಿದೆ ನೋಡಿ.”

ಅವರು ಎತ್ತಿ ಹಿಡಿದ ಹಾಳೆಯಲ್ಲಿದ್ದದ್ದು ನನ್ನ ಕೈಬರಹ. ‘ನಿಮ್ಮ ಪತ್ರ ತಲುಪಿದೆ. ತಿಳಿಸಿದ ಎಲ್ಲ ಅಂಶಗಳನ್ನು ಗಮನಿಸಿದ್ದೇವೆ. ಕಾಲಮಿತಿಯೊಳಗೆ ತಪ್ಪದೆ ಪಾಲಿಸುತ್ತೇವೆ.’ ಕೆಳಗೆ ಗಂಜಿ ಮಾವನ ಸಹಿ.

ಆ ದಿನ ನೆನಪಾಯಿತು. ಸ್ಟೋರಿನಲ್ಲಿ ವಾರ್ಷಿಕ ದಾಸ್ತಾನು ತಪಾಸಣೆ ನಡೆದಿತ್ತು, ನನಗೆ ಉಸಿರಾಡಲು ಪುರುಸೊತ್ತಿಲ್ಲ. ಆಗ ಮಾವ ಲಕೋಟೆ ತಂದಿಟ್ಟರು. ಆ ಪತ್ರ ಹಿಂದಿನ ವಾರ ಮೇಲಿನಿಂದ ಬಂದ ಕರಡು, ನಾನು ಯಾಂತ್ರಿಕವಾಗಿ ಟೈಪು ಮಾಡಿ ಕಳಿಸಿದ್ದೆ. ಇಂಥ ನಿಯಮಗಳು ಬರುತ್ತವೆ, ಯಾರೂ ಕೇಳದೆ ಹೋಗುತ್ತವೆ. ಇದೂ ಅಂಥದ್ದೇ ಒಂದು ಎಂದುಕೊಂಡೆ. “ಏನಮ್ಮ ಕಾಗದ?” ಎಂದು ಮಾವ ಕೇಳಿದ್ದಕ್ಕೆ “ಏನಿಲ್ಲ, ಪ್ರತಿ ವರ್ಷದ ಪುರಾಣ” ಎಂದು ಹೇಳಿ ಮೂರು ಸಾಲು ಗೀಚಿ ಮುಂದಿಟ್ಟೆ. ಅವರು ನಿಂತಲ್ಲೇ ಸಹಿ ಹಾಕಿ ಹೋದರು. ಗೋಡೆಯ ಮಾತಾಗಲಿ, ಡಿಗ್ರಿಯ ಮಾತಾಗಲಿ ಆ ಮನುಷ್ಯನ ಕಿವಿಗೆ ಬಿದ್ದೇ ಇರಲಿಲ್ಲ.

ಸಭೆಯಲ್ಲಿ ನಾನು ಹೇಳಬೇಕಿತ್ತು. ಕಡತದ ಹಾಳೆ ಜೋಡಿಸುತ್ತಾ ಕೂತೆ. ಊರಾಚೆ ದೊಡ್ಡ ಘಟಕ ಇಟ್ಟುಕೊಂಡಿದ್ದ ಒಂದು ಕಂಪನಿಯ ದರಪಟ್ಟಿ ಆಗಲೇ ಮೇಜಿನ ಮೇಲಿತ್ತು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಗುತ್ತಿಗೆ ನವೀಕರಿಸುವುದಿಲ್ಲ. ಕರಾರಿನ ಪ್ರಕಾರ ತೊಂಬತ್ತು ದಿನ ಮುಂಚೆ ಲಿಖಿತ ಸೂಚನೆ ಕೊಡಬೇಕು, ಆ ಗಡುವಿಗೆ ನಾಲ್ಕೇ ದಿನ ಉಳಿದಿತ್ತು.

“ಸ್ಟೋರಮ್ಮ, ನೀವೇ ಬರೀರಿ. ನಿಮಗೆ ಅವರ ವಿಷಯ ಚೆನ್ನಾಗಿ ಗೊತ್ತು,” ಎಂದರು ಆಡಳಿತಾಧಿಕಾರಿ.

ಬರೆದೆ. ಗುತ್ತಿಗೆ ಯಾವ ದಿನಕ್ಕೆ ಮುಗಿಯುತ್ತದೆ, ಯಾಕೆ ಮುಂದುವರಿಸುತ್ತಿಲ್ಲ, ಅದು ಅವರ ಒಗೆತದ ಗುಣಮಟ್ಟದ ಮೇಲಿನ ದೂರಲ್ಲ, ಸೋಂಕು ತಡೆ ನಿಯಮದ ಕಾರಣ. ಮುಗಿಯುವ ದಿನದವರೆಗೆ ಕೆಲಸ ಎಂದಿನಂತೆ ನಡೆಯಬೇಕು. ಕೊನೆಯ ನಾಲ್ಕು ವಾರ, ವಾರಕ್ಕೆ ಒಂದಷ್ಟು ವಾರ್ಡು ಹೊಸಬರಿಗೆ ಹೋಗುತ್ತವೆ. ಬಟ್ಟೆಯನ್ನು ಇಬ್ಬರೂ ಸೇರಿ ಎಣಿಸಬೇಕು. ಆಸ್ಪತ್ರೆಯ ತಳ್ಳುಬಂಡಿ, ಚೀಲ, ಗೇಟ್ ಪಾಸುಗಳನ್ನು ಹಿಂತಿರುಗಿಸಬೇಕು. ಕೊನೆಗೆ, ಇಷ್ಟು ವರ್ಷದ ಸೇವೆಗೆ ಕೃತಜ್ಞತೆ, ಈ ತೀರ್ಮಾನಕ್ಕೆ ವಿಷಾದ ಎಂದು ಸೇರಿಸಿದ್ದೆ. ಕಾನೂನು ಸಲಹೆಗಾರರು ಕೃತಜ್ಞತೆಯನ್ನು ಉಳಿಸಿ ವಿಷಾದವನ್ನು ಹೊಡೆದುಹಾಕಿದರು. ವಿಷಾದ ಎಂದರೆ ನಮ್ಮದೇ ತಪ್ಪಿದೆ ಎಂದು ನಾಳೆ ಯಾರಾದರೂ ಹಿಡಿದುಕೊಳ್ಳಬಹುದಂತೆ.

ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮಾವ ಬಂದರು. ಸ್ವೀಕೃತಿಗೆ ಅಂಚೆಯವನ ಹತ್ತಿರ ಸಹಿ ಹಾಕಿದ್ದರು, ಲಕೋಟೆಯನ್ನು ಒಡೆದಿರಲಿಲ್ಲ. ಎಂದಿನ ಹಾಗೆ ಜೇಬಿನಿಂದ ತೆಗೆದು ಮಡಿಕೆ ಸವರಿ ನನ್ನ ಮೇಜಿನ ಮೇಲಿಟ್ಟರು.

“ಈ ಸಲ ಏನಮ್ಮ ಇಷ್ಟು ಮರ್ಯಾದೆ, ರಿಜಿಸ್ಟರ್ ಮಾಡಿ ಕಳಿಸಿದ್ದೀರಿ? ಸುಮ್ನೆ ಕರೆದಿದ್ರೆ ಬರ್ತಿರಲಿಲ್ವಾ?”

“ಕೂತ್ಕೊಳ್ಳಿ ಮಾವ.”

“ಕೂರೋಕೆ ಟೈಮಿಲ್ಲ, ವ್ಯಾನು ಡಾಕ್ಟರ ಕಾರಿಗೆ ಅಡ್ಡ ನಿಂತಿದೆ. ಓದಿ.”

ಅವರಿಗೆ ಹೇಳಲೆಂದು ಮನೆಯಲ್ಲಿ ಕುಳಿತು ಜೋಡಿಸಿಟ್ಟುಕೊಂಡಿದ್ದ ನಾಲ್ಕು ಮೆತ್ತನೆಯ ಮಾತುಗಳು ಆಗ ಎಲ್ಲಿ ಹೋದವೋ. ಲಕೋಟೆ ಒಡೆದು, ನಾನೇ ಬರೆದದ್ದನ್ನು ಮೊದಲ ಸಲ ನೋಡುವವಳಂತೆ ಓದಿದೆ. ‘ನವೀಕರಿಸಲಾಗುವುದಿಲ್ಲ’ ಎನ್ನುವಲ್ಲಿಗೆ ಬಂದಾಗ ಅವರು ಪಕ್ಕದ ಬಟ್ಟೆ ಮೂಟೆಯ ಮೇಲೆ ಕೂತರು. ನಾನು ಪೂರ್ತಿ ಓದಿ ಮುಗಿಸಿದೆ.

“ಗೋಡೆ ಅಂದ್ರಾ?”

“ಹೂಂ. ಕೊಳೆ ಬಟ್ಟೆಗೊಂದು ಕಡೆ, ಒಗೆದಿದ್ದಕ್ಕೊಂದು ಕಡೆ.”

“ಗೋಡೆ ತಾನೆ ಅಮ್ಮ? ನನ್ನ ಭಾವಮೈದ ಗಾರೆ ಕೆಲಸದವನು. ವಾರದಲ್ಲಿ ಎಬ್ಬಿಸ್ತಾನೆ. ಬಿಸಿನೀರಿನ ಯಂತ್ರ, ಮಾಪಕ ಇರೋದೇ, ಹೋದ ಬೇಸಿಗೇಲಿ ಒಂದು ಹೋಟೆಲಿನವರು ಮಾರ್ತಿದ್ರು. ಇರೋ ಯಂತ್ರವೇ ಸಾಕು ಅಂತ ನಾನೇ ಬಿಟ್ಟುಬಿಟ್ಟೆ. ಇದನ್ನ ಒಂದು ಮಾತು ಮೊದಲೇ ಹೇಳಬಾರದಿತ್ತಾ?”

“ಹೇಳಿದ್ದಾರಂತೆ ಮಾವ. ಹೋದ ವರ್ಷ ಕಾಗದ ಬಂದಿತ್ತಂತೆ.”

‘ಅಂತೆ’ ಎಂದೆ. ಆ ಪತ್ರ ಯಾರೋ ಮೂರನೆಯವರ ಕೈಯಲ್ಲಿ ಹಾದುಹೋಗಿತ್ತು ಎನ್ನುವ ಹಾಗೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಇವತ್ತಿಗೂ ತಿಳಿಯುವುದಿಲ್ಲ.

ಮಾವ ಖಾಲಿ ಲಕೋಟೆಯನ್ನು ತಿರುಗಿಸಿ ನೋಡಿದರು. “ಬಂದಿತ್ತು ಬಂದಿತ್ತು. ನೀವು ಓದಿ ಹೇಳಿರ್ತೀರಿ, ನಾನೇ ಮರ್ತಿರ್ಬೇಕು,” ಎಂದರು. “ಈಚೆಗೆ ಹಾಗೇ ಆಗ್ತಿದೆ. ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕ್ತೀನಿ. ಏಳು ಜನ ಹೆಂಗಸರ ಹೊಟ್ಟೆ ಮೇಲೆ ಹೊಡೆದೆನಲ್ಲ ಅಮ್ಮ.”

ಆಗಲಾದರೂ ಹೇಳಬಹುದಿತ್ತು. ಹೊರಗೆ ಕಾರಿನ ಹಾರನ್ ಕೇಳಿತು, ಅವರು ಎದ್ದು ಹೋದರು. ಹಾರನ್ ಒಂದು ನೆಪ. ಅವರು ಇನ್ನೊಂದು ಗಂಟೆ ಕೂತಿದ್ದರೂ ನಾನು ಹೇಳುತ್ತಿರಲಿಲ್ಲ.

ರಾತ್ರಿಯೆಲ್ಲ ಹೊರಳಾಡಿ ಮರುದಿನ ಆಡಳಿತಾಧಿಕಾರಿಯ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಮಾವನಿಗೆ ಆರು ತಿಂಗಳು ಕೊಡಿ, ಗೋಡೆ ಕಟ್ಟಿಸುತ್ತಾರೆ, ಯಂತ್ರ ತರುತ್ತಾರೆ, ತಪ್ಪು ನನ್ನದು ಎಂದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು, ನಡುವೆ ಬಾಯಿ ಹಾಕಲಿಲ್ಲ.

“ನೀವು ನಿನ್ನೆ ಮೊನ್ನೆ ಹೇಳಿದ್ರೂ ಏನೋ ನೋಡಬಹುದಿತ್ತು. ಸಭೇಲೇ ಹೇಳಿದ್ರೆ ಖಂಡಿತ ನೋಡ್ತಿದ್ದೆ. ಇವತ್ತು ಬೆಳಿಗ್ಗೆ ಹೊಸ ಕಂಪನಿ ಜೊತೆ ಕರಾರಿಗೆ ಸಹಿ ಆಯ್ತು. ಮಾನ್ಯತೆ ತಂಡ ನಾಲ್ಕು ತಿಂಗಳಲ್ಲಿ ಬರತ್ತೆ.” ಆಮೇಲೆ ದನಿ ತಗ್ಗಿಸಿದರು. “ಇನ್ನೊಂದು ಮಾತು. ಆಸ್ಪತ್ರೆಯವರೇ ಕೂತು ಗುತ್ತಿಗೆದಾರರ ಪರವಾಗಿ ಉತ್ತರ ಬರೀತಿದ್ರು ಅಂತ ಕಡತಕ್ಕೆ ಹೋದ್ರೆ, ಮೊದಲು ನಿಮ್ಮ ಮೇಲೆ ವಿಚಾರಣೆ. ಅವರ ಗುತ್ತಿಗೆ ಅದರಿಂದ ವಾಪಸ್ ಬರಲ್ಲ. ನಿಮಗೆ ನಿವೃತ್ತಿಗೆ ಮೂರು ವರ್ಷ ಇದೆ ಅಲ್ವಾ? ನೀವು ಹೇಳಿದ್ದನ್ನ ನಾನು ಕೇಳಿಲ್ಲ ಅಂದ್ಕೊಳ್ತೀನಿ.”

ಇದು ಉಪಕಾರವೋ ಬೆದರಿಕೆಯೋ ಎಂದು ನಾನು ಮೆಟ್ಟಿಲಿಳಿಯುತ್ತಾ ಯೋಚಿಸಿದೆ. ಉಪಕಾರವೇ ಇರಬೇಕು. ಅದನ್ನು ತೆಗೆದುಕೊಂಡು ಸುಮ್ಮನೆ ಬಂದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ತೊಂಬತ್ತು ದಿನದಲ್ಲಿ ಮೊದಲ ಎರಡು ತಿಂಗಳು ಮೇಲುನೋಟಕ್ಕೆ ಏನೂ ಬದಲಾಗಲಿಲ್ಲ. ವ್ಯಾನು ಬೆಳಿಗ್ಗೆ ಆರೂವರೆಗೆ ಬರುತ್ತಿತ್ತು. ಬಿಟ್ಟುಹೋಗುವ ಕೆಲಸ ಎಂದು ಕೈ ಸಡಿಲ ಮಾಡುವವರನ್ನು ನಾನು ಎಷ್ಟೋ ಕಂಡಿದ್ದೇನೆ. ಮಾವ ಹಾಗಲ್ಲ. ಹಾಸುಗಳು ಇನ್ನೂ ಬೆಳ್ಳಗೆ ಬರತೊಡಗಿದವು. ನಡುವೆ ಅವರೇ ಅಲೆದು ಒಂದು ಲಾಡ್ಜಿನ ಬಟ್ಟೆ ಹಿಡಿದರು. ಅದು ಇಬ್ಬರು ಹೆಂಗಸರ ಕೆಲಸಕ್ಕೆ ಸಾಕು, ಏಳು ಜನಕ್ಕೆ ಸಾಲದು. ಹೊರಗಿನ ಐವರನ್ನೂ ತಿಂಗಳ ಮುಂಚೆಯೇ ಕರೆದು ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಬೇಕಾಯಿತಂತೆ.

ಕೊನೆಯ ತಿಂಗಳು ಹೊಸ ಕಂಪನಿಯ ಮೇಲ್ವಿಚಾರಕ ಬಂದ. ಒಳ್ಳೆಯ ಬೂಟು, ಕೈಯಲ್ಲಿ ಪಟ್ಟಿ. ಮಾವನ ಹೆಂಡತಿ ಸ್ಟೋರಿನ ಮೇಜಿನ ಮೇಲೆ ಒಂದೊಂದು ವಾರ್ಡಿನ ಹಾಸು ಹರಡಿ, ದಾರದ ಬಣ್ಣ ತೋರಿಸಿ ವಿವರಿಸಿದರು. ಅವನು ತಾಳ್ಮೆಯಿಂದ ಕೇಳಿ, “ನಾವು ಎಲ್ಲಕ್ಕೂ ಗುರುತಿನ ಚಿಪ್ ಹೊಲೀತೀವಿ ಅಮ್ಮ, ದಾರ ಬೇಕಾಗಲ್ಲ,” ಎಂದ. ಆ ತಾಯಿ ಹಾಸುಗಳನ್ನು ಮತ್ತೆ ಮಡಚಿ ಜೋಡಿಸಿಟ್ಟರು. ಅವನದೇನೂ ತಪ್ಪಿಲ್ಲ. ಇದ್ದದ್ದನ್ನು ಹೇಳಿದ.

ಆ ವಾರವೇ ಮಗಳು ಚೀಲ ಇಳಿಸುತ್ತಾ ನನ್ನನ್ನು ಪಕ್ಕಕ್ಕೆ ಕರೆದಳು.

“ಅತ್ತೆ, ನೀವಾದ್ರೂ ಅಪ್ಪಂಗೆ ಒಂದು ಮಾತು ಹೇಳಿ. ಮೊನ್ನೆ ಯಾರಿಗೂ ಹೇಳದೆ ಇಲ್ಲೇ ಚೀಟಿ ಮಾಡಿಸ್ಕೊಂಡು ನರದ ಡಾಕ್ಟರ್ ಹತ್ರ ಹೋಗಿದ್ದಾರೆ. ನನಗೆ ಮರೆವಿನ ಕಾಯಿಲೆ ಬಂದಿದೆ, ಪರೀಕ್ಷೆ ಮಾಡಿ ಅಂತ.”

“ಡಾಕ್ಟರ್ ಏನಂದ್ರು?”

“ನೂರರಿಂದ ಏಳೇಳು ಕಳೆದು ಹೇಳಿ ಅಂದ್ರಂತೆ, ಹೇಳಿದ್ರು. ಐದು ವಸ್ತು ಹೆಸರು ಹೇಳಿ ಆಮೇಲೆ ಕೇಳಿದ್ರಂತೆ, ಅದನ್ನೂ ಹೇಳಿದ್ರು. ಏನೂ ಇಲ್ಲ ಅಂತ ಕಳಿಸಿದ್ದಾರೆ. ಅಪ್ಪ ನಂಬಲ್ಲ. ಇಷ್ಟು ದೊಡ್ಡ ವಿಷಯ ಸ್ಟೋರಮ್ಮ ಓದಿ ಹೇಳಿದ್ರೂ ಮರೆತಿದ್ದೀನಿ ಅಂದ್ರೆ ತಲೆ ಕೆಟ್ಟಿದೆ ಅಂತಾನೇ ಅರ್ಥ ಅಂತಾರೆ. ಲಾಡ್ಜಿನ ಲೆಕ್ಕ ಬರೆಯೋಕೂ ಭಯ ಅವ್ರಿಗೆ. ನಿನ್ನ ಕೈಗೆ ವ್ಯಾನಿನ ಜೊತೆ ಎಲ್ಲ ಒಪ್ಪಿಸ್ತೀನಿ, ನಾನಿನ್ನು ಮೂಲೇಲಿ ಕೂರ್ತೀನಿ ಅಂತ ಹಟ.”

ಗುತ್ತಿಗೆ ಹೋಯಿತು, ಅದನ್ನು ತರಲು ನನ್ನ ಕೈಯಲ್ಲಿ ಆಗಲಿಲ್ಲ. ಆದರೆ ಆ ಮನುಷ್ಯ ತನ್ನ ತಲೆಯನ್ನೇ ನಂಬದ ಹಾಗಾಗಿದ್ದು ನನ್ನ ಒಂದು ‘ಅಂತೆ’ಯಿಂದ. ಅದನ್ನು ಸರಿ ಮಾಡಲು ಯಾವ ಸಮಿತಿಯ ಒಪ್ಪಿಗೆಯೂ ಬೇಕಿರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಎಣಿಕೆ ಮುಗಿಯಿತು. ತಳ್ಳುಬಂಡಿ ಹತ್ತು, ಎಲ್ಲ ಬಂದವು. ಗೇಟ್ ಪಾಸು ನಾಲ್ಕು. ಹಾಸುಗಳಲ್ಲಿ ಹರಿದು ತೆಗೆದವನ್ನು ಕಳೆದು ಒಂದೂ ಕಡಿಮೆಯಿಲ್ಲ. ಹೊಸ ಕಂಪನಿಯ ಮೇಲ್ವಿಚಾರಕ ತನ್ನ ಪಟ್ಟಿಗೆ ಸಹಿ ಹಾಕಿ ಹೋದ. ಸ್ಟೋರಿನಲ್ಲಿ ಮಾವ ಮತ್ತು ನಾನು ಇಬ್ಬರೇ. ಹಸ್ತಾಂತರ ಪತ್ರವನ್ನು ಅವರ ಮುಂದಿಟ್ಟೆ. ಹಳೆಯ ನಮೂನೆ ನೋಡಿ ಹಿಂದಿನ ದಿನ ನಾನೇ ಟೈಪು ಮಾಡಿದ್ದೆ. ಅವರು ಜೇಬಿನಿಂದ ಪೆನ್ನು ತೆಗೆದು ಕೊನೆಯ ಪುಟ ತಿರುವಿದರು.

“ಮಾವ, ಸಹಿ ಹಾಕೋ ಮುಂಚೆ ಒಂದು ಮಾತು. ನಿಮಗೆ ಮರೆವಿನ ಕಾಯಿಲೆ ಇಲ್ಲ.”

“ಮಗಳು ಹೇಳಿದ್ಲಾ? ಅವಳಿಗೇನು ಗೊತ್ತು.”

“ನನಗೆ ಗೊತ್ತು. ಹೋದ ವರ್ಷದ ಕಾಗದ ನಾನು ನಿಮಗೆ ಓದಿ ಹೇಳಲೇ ಇಲ್ಲ. ಪ್ರತಿ ವರ್ಷದ ಪುರಾಣ ಅಂದೆ. ಎಲ್ಲ ಪಾಲಿಸ್ತೀವಿ ಅಂತ ನಾನೇ ಬರೆದು ನಿಮ್ಮ ಸಹಿ ತಗೊಂಡೆ. ನೀವು ಮರೆತಿಲ್ಲ. ಕೇಳಿಸ್ಕೊಂಡಿದ್ರೆ ತಾನೆ ಮರೆಯೋದು.”

ಪೆನ್ನಿನ ಮುಚ್ಚಳ ತೆಗೆದಿದ್ದ ಕೈ ಹಾಗೇ ನಿಂತಿತು. ಬೈದರೆ ಬೈಸಿಕೊಳ್ಳೋಣ ಎಂದು ನಾನು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಉಸಿರು ಬಿಟ್ಟರು. ಮೊದಲು ಅವರ ಮುಖ ಹಗುರವಾದದ್ದನ್ನು ನಾನು ಕಂಡೆ. ದೇವರಾಣೆ ಕಂಡೆ. ಆಮೇಲೆ ಅದು ನಿಧಾನವಾಗಿ ಬೇರೆಯಾಯಿತು.

“ಅಂದ್ರೆ ನನ್ನ ತಲೆ ಸರಿಯಾಗಿದೆ,” ಎಂದರು.

“ಸರಿಯಾಗಿದೆ.”

“ಆವತ್ತು ಹೇಳಿದ್ರೆ ಗೋಡೆ ಕಟ್ಟಿಸಿರ್ತಿದ್ದೆ.”

“ಕಟ್ಟಿಸಿರ್ತಿದ್ರಿ.”

ಮಾವ ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟರು. ಕನ್ನಡಕ ಹುಡುಕಿ ಹಾಕಿಕೊಂಡರು. ಹಸ್ತಾಂತರ ಪತ್ರವನ್ನು ಮೊದಲ ಪುಟಕ್ಕೆ ತಿರುವಿ, ಸಾಲಿನ ಕೆಳಗೆ ಬೆರಳಿಟ್ಟು, ತಾವೇ ಓದಲು ಶುರು ಮಾಡಿದರು. ನಾನು ಓದಿ ಹೇಳಲೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ಮೂರು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಬಟ್ಟೆಯ ಲೆಕ್ಕವನ್ನು ತಮ್ಮ ಪುಸ್ತಕದ ಜೊತೆ ತಾಳೆ ನೋಡಿದರು. ಮೂರನೇ ಪುಟದಲ್ಲಿ ಬೆರಳು ಒಂದು ಕಡೆ ನಿಂತುಬಿಟ್ಟಿತು.

“ಇಲ್ಲೊಂದು ಬರೆದಿದೆ. ‘ಉಭಯ ಪಕ್ಷಗಳ ಸಮ್ಮತಿಯಿಂದ ಗುತ್ತಿಗೆ ಮುಕ್ತಾಯಗೊಂಡಿದೆ.’ ಉಭಯ ಪಕ್ಷ ಅಂದ್ರೆ ನೀವೂ ನಾನೂ ತಾನೆ?”

“ಹೌದು ಮಾವ. ಅದು ನಮೂನೇಲಿ ಇರೋ ಮಾತು. ಎಲ್ಲರಿಗೂ ಹಾಗೇ ಬರೀತೀವಿ.”

“ನಾನು ಯಾವಾಗ ಒಪ್ಪಿದೆ, ಮೇಡಂ?”

ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ನಾನು ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದೆ. ಹೊಡೆದ ಸಾಲಿನ ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಬೇಕು, ಅದು ನಿಯಮ. ನಾನು ಹಾಕಿದೆ, ಅವರೂ ಹಾಕಿದರು. ಆಮೇಲೆ ಕೊನೆಯ ಪುಟದಲ್ಲಿ ಪೂರ್ತಿ ಸಹಿ ಹಾಕಿ, ತಮ್ಮ ಪ್ರತಿಯನ್ನು ಕೇಳಿ ತೆಗೆದುಕೊಂಡು, ಅದರಲ್ಲೂ ಆ ಗೆರೆ ಇದೆಯೇ ಎಂದು ನೋಡಿದರು. ಇರಲಿಲ್ಲ. ಅದರ ಮೇಲೂ ನನ್ನ ಕೈಯಿಂದ ಗೆರೆ ಎಳೆಸಿ, ಮತ್ತೊಮ್ಮೆ ಇಬ್ಬರ ಸಹಿ ಬಿದ್ದ ಮೇಲೆ ಹೊರಟರು.